ಆರ್ಡರ್ ಬುಕ್ ತುಂಬಿದೆ, ತೊಗರಿ ಎಲ್ಲಿದೆ?

ಕಲಬುರಗಿಯ ದಾಲ್ ಮಿಲ್ ಮಾಲೀಕರು ಸಾಲ ಕೇಳಲು ಬ್ಯಾಂಕಿಗೆ ಬಂದರೆ ಮೊದಲು ತೆಗೆಯುವುದು ಆರ್ಡರ್ ಬುಕ್. ‘ನೋಡ್ರಿ ಸಾಹೇಬ್ರ, ಎರಡು ತಿಂಗಳ ಮಾಲು ಬುಕ್ ಆಗ್ಯದ’ ಅಂತಾರೆ. ಇಂಥ ಫೈಲು ನೋಡುವುದೇ ನನ್ನ ಕೆಲಸ. ನಾನು ಕೇಳುವುದು ಒಂದೇ: ಆ ಬೇಳೆಗೆ ಬೇಕಾದ ತೊಗರಿ ಗೋದಾಮಿನಲ್ಲಿ ಇದೆಯಾ?

ಒಂದು ಉದಾಹರಣೆ ಲೆಕ್ಕ ಹಾಕೋಣ. 600 ಕ್ವಿಂಟಲ್ ಬೇಳೆಯನ್ನು ಕ್ವಿಂಟಲ್‌ಗೆ 11,000 ರೂಪಾಯಿಯಂತೆ ಕೊಡಲು ಮಿಲ್ ಒಪ್ಪಿದೆ. ನೂರು ಕಿಲೋ ತೊಗರಿಗೆ 75 ಕಿಲೋ ಬೇಳೆ ಬಂದರೆ 800 ಕ್ವಿಂಟಲ್ ತೊಗರಿ ಬೇಕು. ಗಂಜ್ ಮಾರುಕಟ್ಟೆಯಲ್ಲಿ ಕ್ವಿಂಟಲ್ ದರ 7,500 ಇದ್ದರೆ ಅದಕ್ಕೆ 60 ಲಕ್ಷ. ಮಿಲ್ ಖರ್ಚು 3.2 ಲಕ್ಷ. ಬೇಳೆಯಿಂದ 66 ಲಕ್ಷ, ಬೇಳೆ ಮಾಡಿದಾಗ ಉಳಿಯುವ ಚುನ್ನಿ-ಹೊಟ್ಟಿನಿಂದ 2.5 ಲಕ್ಷ ಬರುತ್ತದೆ. 5.3 ಲಕ್ಷ ಉಳಿಯಿತು.

ಆದರೆ ತೊಗರಿ ಇನ್ನೂ ಕೊಂಡಿಲ್ಲ ಅನ್ನಿ. ಅಷ್ಟರಲ್ಲಿ ದರ 800 ರೂಪಾಯಿ ಏರಿತು. ಖರೀದಿಗೇ 6.4 ಲಕ್ಷ ಜಾಸ್ತಿ ಬೇಕು. ಲಾಭ ಹೋಗಿ 1.1 ಲಕ್ಷ ಕೈಯಿಂದ ಹೋಯಿತು. ಅರ್ಧ ತೊಗರಿ ಮೊದಲೇ ಕೊಂಡಿದ್ದರೆ 2.1 ಲಕ್ಷವಾದರೂ ಉಳಿಯುತ್ತಿತ್ತು. ಆರ್ಡರ್ ಅದೇ, ಫಲಿತಾಂಶ ಮೂರು. ಅದಕ್ಕೇ ದರ ಮೊದಲೇ ನಿಗದಿಯಾದ ಆರ್ಡರುಗಳನ್ನೂ ಆ ದಿನದ ಮಾರ್ಕೆಟ್ ದರಕ್ಕೆ ಕೊಡುವ ಆರ್ಡರುಗಳನ್ನೂ ನಾನು ಬೇರೆ ಬೇರೆ ಬರೆದುಕೊಳ್ಳುತ್ತೇನೆ.

ಆಮೇಲೆ ಗಿರಾಕಿಗಳ ಪಟ್ಟಿ. ಮುಕ್ಕಾಲು ಮಾಲು ಹೊರರಾಜ್ಯದ ಒಬ್ಬನೇ ವ್ಯಾಪಾರಿಗೆ ಹೋಗುತ್ತಿದ್ದರೆ ಅವನ ಖಾತೆ ಬಿಡಿಸಿ ನೋಡಬೇಕು. ಮೊದಲು 15 ದಿನಕ್ಕೆ ಬರುತ್ತಿದ್ದ ದುಡ್ಡು ಈಗ 40 ದಿನಕ್ಕೆ ಬರುತ್ತಿದೆಯಾ? ಹಾಗಿದ್ದರೆ ಮಾರಾಟ ಏರಿದಂತೆ ಕಂಡದ್ದು ಸುಮ್ನೆ ಉದ್ರಿ ಏರಿದ್ದು, ಅಷ್ಟೇ. ಮಿಲ್‌ನ ಹೆಸರಿರುವ ಚೀಲವನ್ನೇ ಕೇಳಿ ಪಡೆಯುವ ಸಣ್ಣ ಅಂಗಡಿಗಳು ನೂರಿದ್ದರೆ ಫೈಲು ನನಗೆ ಹಗುರ ಅನಿಸುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ, ನಿಜ. ಆದರೆ ಅದು ಊರಿನ ಹೆಸರು. ಪಕ್ಕದ ಮಿಲ್‌ಗೂ ಅಷ್ಟೇ ಸಲ್ಲುತ್ತದೆ, ಅಲ್ವಾ?

ಪೈಪೋಟಿ ಅಂದರೆ ಮಾಲೀಕರು ಲಾತೂರು, ಅಕೋಲಾದ ಮಿಲ್‌ಗಳನ್ನು ಹೆಸರಿಸುತ್ತಾರೆ. ನನಗೆ ಹಡಗಿನ ಚಿಂತೆ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದಿಂದ ತೊಗರಿ ಬರುತ್ತದೆ. ಅದು ಇಳಿಯುವ ಬಂದರಿನ ಹತ್ತಿರವೇ ಬೇಳೆ ಮಾಡುವವನಿಗೆ ಸಾಗಣೆ ಖರ್ಚು ಕಡಿಮೆ. ದುಬಾರಿಗೆ ಕೊಂಡ ತೊಗರಿಯನ್ನು ಗೋದಾಮಿನಲ್ಲಿ ತುಂಬಿಟ್ಟವನಿಗೆ ಆಗ ದರ ಇಳಿದರೆ ಏಟು. ತೊಗರಿ ಇಲ್ಲದಿದ್ದರೂ ಕಷ್ಟ, ಜಾಸ್ತಿ ಇದ್ದರೂ ಕಷ್ಟ. ಹಾಗಾಗಿ ದರ ನಿಗದಿಯಾದ ಆರ್ಡರಿಗೆ ಬೇಕಾದಷ್ಟು ಸ್ಟಾಕ್ ಇಟ್ಟವರನ್ನೇ ನಾನು ನಂಬುತ್ತೇನೆ.

ಕೊನೆಗೆ ಕರೆಂಟ್ ಬಿಲ್ ಕೇಳುತ್ತೇನೆ. ಬುಕ್ಕಿನಲ್ಲಿ ಮಾರಾಟ ದುಪ್ಪಟ್ಟಾಗಿ, ಬಿಲ್ಲಿನಲ್ಲಿ ಯೂನಿಟ್ ಹೋದ ವರ್ಷದಷ್ಟೇ ಇದ್ದರೆ ಮಿಲ್ ಹೆಚ್ಚು ಓಡಿಲ್ಲ. ಬೇರೆ ಕಡೆಯಿಂದ ಸಿದ್ಧ ಬೇಳೆ ಕೊಂಡು ಮಾರಿರಬಹುದು. ಅದು ತಪ್ಪಲ್ಲ. ಆದರೆ ಹೊಸ ಯಂತ್ರಕ್ಕೆ ಸಾಲ ಯಾಕೆ ಎಂದು ಅವರು ವಿವರಿಸಬೇಕಾಗುತ್ತದೆ.