‘ದಾರಿಯಲ್ಲಿ ಒಡೆದಿವೆ’ ಎಂದು ಬರೆಯುವ ಮೊದಲು

ಹುಬ್ಬಳ್ಳಿಯಲ್ಲಿ ಗೃಹಾಲಂಕಾರ ಸಾಮಗ್ರಿಗಳ ಅಂಗಡಿ ಇಟ್ಟಿರುವ ವ್ಯಾಪಾರಿಯೊಬ್ಬರು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಿಂದ 240 ಪೆಟ್ಟಿಗೆ ಪಿಂಗಾಣಿ ಹೂದಾನಿಗಳನ್ನು ತರಿಸಿದ್ದರು. ಪೆಟ್ಟಿಗೆಗೆ ಹನ್ನೆರಡು, ಒಂದರ ಬೆಲೆ 2.40 ಡಾಲರ್, ಕರಾರು ‘ಸಿಐಎಫ್ ಚೆನ್ನೈ’. ಬಿಚ್ಚಿ ನೋಡಿದಾಗ 142 ಹೂದಾನಿಗಳು ಒಡೆದಿದ್ದವು. ಪೂರೈಕೆದಾರರಿಗೆ ಬರೆದ ಇಂಗ್ಲಿಷ್ ಪತ್ರದ ಕರಡನ್ನು ಅವರು ಕಳುಹಿಸುವ ಮೊದಲು ನನಗೆ ತೋರಿಸಿದರು. ವ್ಯಾಕರಣದಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಆದರೆ ಮೊದಲ ವಾಕ್ಯದಲ್ಲೇ ‘ಡ್ಯಾಮೇಜ್ಡ್ ಇನ್ ಟ್ರಾನ್ಸಿಟ್’ ಎಂಬ ಮಾತಿತ್ತು. ಆ ಮೂರು ಪದಗಳಿಂದ ಪತ್ರ ತನ್ನ ಹಕ್ಕನ್ನು ತಾನೇ ಬಿಟ್ಟುಕೊಡುತ್ತಿತ್ತು.

ಕನ್ನಡದಲ್ಲಿ ‘ದಾರಿಯಲ್ಲಿ ಒಡೆದುಹೋಗಿವೆ’ ಎನ್ನುವಾಗ ನಾವು ಯಾರನ್ನೂ ದೂರುವುದಿಲ್ಲ. ಬರುವಷ್ಟರಲ್ಲಿ ಹೀಗಾಗಿತ್ತು ಎಂದಷ್ಟೇ ಅರ್ಥ. ಅದನ್ನೇ ಇಂಗ್ಲಿಷಿಗೆ ಇಳಿಸಿ ಸಿಐಎಫ್ ಕರಾರಿನ ಪತ್ರದಲ್ಲಿ ಬರೆದರೆ ಅದು ಕಾರಣದ ಬಗ್ಗೆ ನಾವೇ ಕೊಟ್ಟ ಹೇಳಿಕೆಯಾಗುತ್ತದೆ. ಈ ಕರಾರಿನಲ್ಲಿ ಚೆನ್ನೈವರೆಗಿನ ಸಾಗಣೆ ವೆಚ್ಚವನ್ನೂ ವಿಮೆಯ ಕಂತನ್ನೂ ಮಾರುವವನೇ ಭರಿಸುತ್ತಾನಾದರೂ, ಸರಕು ಅವನ ಬಂದರಿನಲ್ಲಿ ಹಡಗೇರಿದ ಕ್ಷಣದಿಂದ ನಷ್ಟದ ಹೊಣೆ ಕೊಳ್ಳುವವನದು. ಆದ್ದರಿಂದ ‘ದಾರಿಯಲ್ಲಿ ಆಯಿತು’ ಎಂದೊಡನೆ ಅತ್ತ ಕಡೆಯವರು ವಿಮೆಯವರನ್ನು ಕೇಳಿ ಎಂದು ಒಂದೇ ಸಾಲಿನಲ್ಲಿ ಉತ್ತರಿಸಬಹುದು. ಬೇರೆ ಒಪ್ಪಂದವಿಲ್ಲದಿದ್ದರೆ ಮಾರುವವನು ಮಾಡಿಸಬೇಕಾದದ್ದು ‘ಸಿ’ ದರ್ಜೆಯ ಕನಿಷ್ಠ ವಿಮೆ ಮಾತ್ರ. ಬೆಂಕಿ, ಹಡಗು ಮುಳುಗುವುದು, ಡಿಕ್ಕಿ ಮುಂತಾದ ದೊಡ್ಡ ಅವಘಡಗಳಿಗೆ ಅದು ಒದಗುತ್ತದೆಯೇ ಹೊರತು ಸಾಮಾನ್ಯ ಒಡಕಿಗಲ್ಲ.

ಹಾಗೆಂದು ಕಾರಣವನ್ನು ಮರೆಮಾಚಬೇಕಿಲ್ಲ, ಕಂಡದ್ದನ್ನು ಬರೆದರೆ ಸಾಕು. ನಾನು ಫೋಟೋಗಳನ್ನು ಕೇಳಿದೆ. ಕಂಟೇನರಿನ ಸೀಲು ಸರಿಯಾಗಿತ್ತು. ಪೆಟ್ಟಿಗೆಗಳ ಹೊರಮೈ ಜಜ್ಜಿರಲಿಲ್ಲ, ನೀರಿನ ಕಲೆಯೂ ಇರಲಿಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಆರಾರರಂತೆ ಎರಡು ಸಾಲುಗಳಿದ್ದು, ಒಡೆದವೆಲ್ಲ 31 ಪೆಟ್ಟಿಗೆಗಳ ಕೆಳಸಾಲಿನವು. ಆ ಕೆಳಸಾಲುಗಳಲ್ಲಿ ಹೂದಾನಿಗಳ ನಡುವೆ ಇರಬೇಕಾದ ರಟ್ಟಿನ ಅಡ್ಡಗೋಡೆಗಳೇ ಇರಲಿಲ್ಲ, ಆದರೆ ಸರಕು ಕಳುಹಿಸುವ ಮೊದಲು ಪೂರೈಕೆದಾರರೇ ಕೊಟ್ಟಿದ್ದ ಪ್ರೊಫಾರ್ಮಾ ಇನ್‌ವಾಯ್ಸಿನಲ್ಲಿ ಎರಡೂ ಸಾಲಿಗೆ ಅಡ್ಡಗೋಡೆ ಎಂದು ನಮೂದಾಗಿತ್ತು. ಹೊರಗಿನ ಪೆಟ್ಟು ಬಿದ್ದಿದ್ದರೆ ಪೆಟ್ಟಿಗೆಯ ಮೈಮೇಲೆ ಗುರುತು ಉಳಿಯುತ್ತಿತ್ತು ಮತ್ತು ಒಡಕು ಹೀಗೆ ಒಂದೇ ಸಾಲಿಗೆ ಸೀಮಿತವಾಗುತ್ತಿರಲಿಲ್ಲ. ಪ್ಯಾಕಿಂಗಿನ ಕೊರತೆ ಹಡಗೇರುವ ಮೊದಲೇ ಇದ್ದ ದೋಷ, ಅದು ಕಾಣಿಸಿಕೊಂಡದ್ದು ಮಾತ್ರ ಹುಬ್ಬಳ್ಳಿಯಲ್ಲಿ. ಸಾಗಣೆಗೆ ತಕ್ಕಂತೆ ಪ್ಯಾಕ್ ಮಾಡುವುದು ಸಿಐಎಫ್‌ನಲ್ಲೂ ಮಾರುವವನದೇ ಕರ್ತವ್ಯ.

ತಿದ್ದಿದ ಪತ್ರದಲ್ಲಿ ವಿಷಯದ ಸಾಲಿಗೆ ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ ಮತ್ತು ಕಂಟೇನರ್ ಸಂಖ್ಯೆಗಳನ್ನು ಹಾಕಿದೆವು. ಮೊದಲ ಪ್ಯಾರಾದ ಮುಖ್ಯ ವಾಕ್ಯ ಹೀಗಾಯಿತು: ‘ಆನ್ ಓಪನಿಂಗ್, 31 ಕಾರ್ಟನ್ಸ್ ವರ್ ಫೌಂಡ್ ಟು ಹ್ಯಾವ್ ನೋ ಡಿವೈಡರ್ಸ್ ಇನ್ ದ ಲೋವರ್ ಲೇಯರ್.’ ಒಡೆದ ಸಂಖ್ಯೆ ಅದರ ನಂತರದ ವಾಕ್ಯದಲ್ಲಿ ಬಂತು. ಈ ಅನುಕ್ರಮ ಮುಖ್ಯ. ಓದುವವನ ಕಣ್ಣಿಗೆ ಮೊದಲು ಬೀಳಬೇಕಾದದ್ದು ಅಡ್ಡಗೋಡೆಯಿಲ್ಲದ ಪೆಟ್ಟಿಗೆ.

ಕರಡಿನಲ್ಲಿ ‘ವಿ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಪ್ಯಾಕಿಂಗ್’ ಎಂಬ ವಾಕ್ಯವೂ ಇತ್ತು. ನಮ್ಮಲ್ಲಿ ಡೌಟ್ ಎಂದರೆ ಕೇಳಿ ತಿಳಿಯಬೇಕಾದ ವಿಷಯ, ಹೊರಗಿನವರಿಗೆ ಅದು ಅಪನಂಬಿಕೆ. ಅದನ್ನು ತೆಗೆದೆವು. ಕೊನೆಯಲ್ಲಿದ್ದ ‘ಕೈಂಡ್ಲಿ ಡೂ ದ ನೀಡ್‌ಫುಲ್’ ನಮ್ಮ ಕಚೇರಿಗಳಲ್ಲಿ ಅರ್ಥವಾಗುತ್ತದೆ, ಆದರೆ ಅದರಲ್ಲಿ ಬೇಡಿಕೆ ಏನೆಂಬುದೇ ಇಲ್ಲ. ಅದರ ಬದಲಿಗೆ 142 ಹೂದಾನಿಗಳ ಬೆಲೆ 340.80 ಡಾಲರ್ ಮರುಪಾವತಿಯಾಗಬೇಕು ಎಂದೂ ಹದಿನಾಲ್ಕು ದಿನಗಳೊಳಗೆ ಲಿಖಿತ ಉತ್ತರ ಬೇಕು ಎಂದೂ ನೇರವಾಗಿ ಬರೆದೆವು. ಬದಲಿ ಸರಕನ್ನು ಉಚಿತವಾಗಿ ಕಳುಹಿಸಿ ಎಂದು ಕೇಳುವುದು ವ್ಯಾಪಾರಿಯ ಮೊದಲ ಯೋಚನೆಯಾಗಿತ್ತು. ಉಚಿತವಾಗಿ ಬಂದ ಸರಕಿಗೂ ಕಸ್ಟಮ್ಸ್ ಮೌಲ್ಯ ಕಟ್ಟಿ ಸುಂಕ ಹಾಕುತ್ತಾರೆ ಎಂದು ಹೇಳಿದ ಮೇಲೆ ಅದನ್ನು ಕೈಬಿಟ್ಟರು. ‘ಇತರ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇವೆ’ ಎಂಬ ಒಂದು ವಾಕ್ಯವನ್ನು ಕಡೆಯಲ್ಲಿ ಸೇರಿಸಿದೆವು. ಮೋಸ, ನಾಚಿಕೆಗೇಡು ಎಂಬ ಅರ್ಥದ ಪದಗಳು ಕರಡಿನಲ್ಲಿ ಎರಡು ಕಡೆ ಇದ್ದವು. ಸಿಟ್ಟು ನ್ಯಾಯವಾದದ್ದೇ, ಆದರೆ ಅದಕ್ಕೆ ಉತ್ತರ ಕೊಡುವ ನೆಪದಲ್ಲಿ ಪೂರೈಕೆದಾರರು ಅಡ್ಡಗೋಡೆಯ ವಿಷಯದಿಂದ ಜಾರಿಕೊಳ್ಳುತ್ತಾರೆ.

ಇಷ್ಟಾದರೂ ವಿಮಾ ಕಂಪನಿಗೂ ಹಡಗು ಕಂಪನಿಗೂ ಪ್ರತ್ಯೇಕ ಸೂಚನೆ ಕಳುಹಿಸಲೇಬೇಕು. ಮೇಲ್ನೋಟಕ್ಕೆ ಕಾಣದ ಹಾನಿಗೆ ಹಡಗು ಕಂಪನಿಗೆ ಸಾಮಾನ್ಯವಾಗಿ ಸರಕು ಕೈಗೆ ಬಂದ 3 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕಾಗುತ್ತದೆ. ಚೂರುಗಳನ್ನೂ ಖಾಲಿ ಪೆಟ್ಟಿಗೆಗಳನ್ನೂ ಗುಜರಿಗೆ ಹಾಕಬಾರದು. ಈ ವ್ಯಾಪಾರಿ ಜಾಗವಿಲ್ಲವೆಂದು ಇಪ್ಪತ್ತು ಪೆಟ್ಟಿಗೆಗಳನ್ನು ಆಗಲೇ ಕೊಟ್ಟುಬಿಟ್ಟಿದ್ದರು. ಪೂರೈಕೆದಾರರ ಮೊದಲ ಉತ್ತರ ಬಂದಾಗ ಅದರಲ್ಲಿ ಕೇಳಿದ್ದು ಆ 31 ಪೆಟ್ಟಿಗೆಗಳ ಒಳಭಾಗದ ಫೋಟೋಗಳನ್ನು.