ಗಂಟೆಗೆ ಅರ್ಧ ಎಂಬ ಮಿತಿ ಎಲ್ಲಿಂದ ಬಂತು

ಮಾರ್ಚ್ ಕೊನೆಯ ವಾರ ಅರಸೀಕೆರೆ ಕಡೆಯ ಹಳ್ಳಿಯೊಂದರಿಂದ ಎಪ್ಪತ್ತೆಂಟು ವರ್ಷದ ಅಜ್ಜಿಯನ್ನು ಹಾಸನಕ್ಕೆ ಕರೆತಂದರು. ಸೊಂಟದ ಮೂಳೆ ಮುರಿದು ಐದು ತಿಂಗಳಿಂದ ಹಾಸಿಗೆ ಹಿಡಿದಿದ್ದವರು. ಹೆಸರು ಹಿಡಿದು ಕರೆದರೆ ಅರೆಗಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದರು. ಬಾಯಿ ತೆರೆದೇ ಇತ್ತು, ನಾಲಿಗೆ ಒಣಗಿ ಸೀಳು ಬಿಟ್ಟಿತ್ತು. ಲಕ್ವ ಹೊಡೆದಿದೆ ಎಂದು ಮನೆಯವರು ಭಾವಿಸಿದ್ದರು. ಅದಕ್ಕೂ ಮೊದಲು ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಎರಡು ದಿನ ಇರಿಸಿದ್ದರಂತೆ. "ದಿನಕ್ಕೆ ಮೂರು ಬಾಟಲಿ ಗ್ಲೂಕೋಸ್ ಹಾಕಿದ್ದಾರೆ ಡಾಕ್ಟರೇ" ಎಂದು ಮಗ ಹೇಳಿದರು. ಚೀಟಿ ನೋಡಿದರೆ ಹಾಕಿದ್ದು ಗ್ಲೂಕೋಸ್ ಅಲ್ಲ, ನಾರ್ಮಲ್ ಸಲೈನ್, ಅಂದರೆ ಉಪ್ಪುನೀರು. ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಿರಲಿಲ್ಲ. ನಾವು ಮಾಡಿಸಿದಾಗ ಲೀಟರಿಗೆ 168 ಮಿಲಿಮೋಲ್ ಬಂತು. ಇರಬೇಕಾದದ್ದು 135ರಿಂದ 145. ದೇಹದಲ್ಲಿ ನೀರು ಕಡಿಮೆಯಾದಾಗ ರಕ್ತ ಗಟ್ಟಿಯಾಗಿ ಸೋಡಿಯಂ ಹೀಗೆ ಏರುತ್ತದೆ.

"ಅತ್ತೆ ನೀರು ಕೇಳಲೇ ಇಲ್ಲ. ಕೇಳಿದ್ದರೆ ಕೊಡದೆ ಇರುತ್ತಿದ್ದೆವೇ?" ಎಂದು ಸೊಸೆ ಅತ್ತರು. ಆಕೆಯ ಮಾತಿನಲ್ಲಿ ಸುಳ್ಳಿರಲಿಲ್ಲ. 1984ರಲ್ಲಿ ನಡೆದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಾದ ಏಳು ಮಂದಿ ಯುವಕರನ್ನೂ ಏಳು ಮಂದಿ ವೃದ್ಧರನ್ನೂ 24 ಗಂಟೆ ನೀರಿಲ್ಲದೆ ಇರಿಸಿದ್ದರು. ವೃದ್ಧರ ರಕ್ತ ಹೆಚ್ಚು ಗಟ್ಟಿಯಾಗಿದ್ದರೂ ಅವರಿಗೆ ಬಾಯಾರಿಕೆ ಕಡಿಮೆ ಅನಿಸಿತು. ಬಳಿಕ ನೀರು ಮುಂದಿಟ್ಟಾಗಲೂ ಅವರು ಕುಡಿದದ್ದು ಕಡಿಮೆ. ನಮ್ಮ ಅಜ್ಜಿಯ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಮುಚ್ಚಳ ಹಾಕಿದ ತಂಬಿಗೆಯಲ್ಲಿ ನೀರು ಸದಾ ಇರುತ್ತಿತ್ತಂತೆ, ಆದರೆ ಅವರ ಕೈ ಅದನ್ನು ಮುಟ್ಟುತ್ತಿರಲಿಲ್ಲ. ಹಾಸಿಗೆ ಒದ್ದೆಯಾಗುವುದು ತಪ್ಪಲಿ ಎಂದು ಸಂಜೆಯ ನಂತರ ನೀರು ಕೊಡುವುದನ್ನು ನಿಲ್ಲಿಸಿದ್ದೆವು ಎಂಬುದನ್ನೂ ಸೊಸೆ ಆಮೇಲೆ ಹೇಳಿದರು. ಇದು ನಾನು ಮನೆ ಮನೆಯಲ್ಲೂ ಕೇಳುವ ಮಾತು.

ಇಂಥ ರೋಗಿ ಬಂದಾಗ ವೈದ್ಯರ ಮನಸ್ಸಿಗೆ ಮೊದಲು ಬರುವುದು ಒಂದು ಎಚ್ಚರಿಕೆ: ಸೋಡಿಯಂ ಅನ್ನು ಬೇಗ ಇಳಿಸಬೇಡಿ, ಗಂಟೆಗೆ ಅರ್ಧ ಮಿಲಿಮೋಲ್, ದಿನಕ್ಕೆ 10ರಿಂದ 12 ದಾಟಬಾರದು. ವೈದ್ಯ ವಿದ್ಯಾರ್ಥಿಗಳೆಲ್ಲ ಕಂಠಪಾಠ ಮಾಡುವ ಈ ಸಂಖ್ಯೆ ಹುಟ್ಟಿದ್ದು ವೃದ್ಧರ ವಾರ್ಡಿನಲ್ಲಿ ಅಲ್ಲ, ಹಸುಗೂಸುಗಳ ವಾರ್ಡಿನಲ್ಲಿ.

1955ರಲ್ಲಿ ಅಮೆರಿಕದ ಮಕ್ಕಳ ವೈದ್ಯರಾದ ಲಾರೆನ್ಸ್ ಫಿನ್‌ಬರ್ಗ್ ಮತ್ತು ಹೆರಾಲ್ಡ್ ಹ್ಯಾರಿಸನ್ ಸೋಡಿಯಂ ಏರಿದ ಶಿಶುಗಳ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದರು. ಬಹಳಷ್ಟು ಶಿಶುಗಳಿಗೆ ಭೇದಿಯಿಂದ ನೀರು ಹೋಗಿತ್ತು. ಮುಂದಿನ ಎರಡು ದಶಕಗಳಲ್ಲಿ ಮಕ್ಕಳ ವೈದ್ಯರನ್ನು ಕಾಡಿದ್ದು ಒಂದು ವಿಚಿತ್ರ ಸಂಗತಿ: ಆಸ್ಪತ್ರೆಗೆ ಬರುವಾಗ ಇಲ್ಲದಿದ್ದ ಫಿಟ್ಸ್, ನೀರು ಕೊಡಲು ಶುರು ಮಾಡಿದ ಮೇಲೆ ಬರುತ್ತಿತ್ತು. ಕಾರಣ ಮಿದುಳಿನ ಹೊಂದಾಣಿಕೆಯಲ್ಲಿದೆ. ರಕ್ತ ಗಟ್ಟಿಯಾದಾಗ ಮಿದುಳಿನ ಕೋಶಗಳಿಂದ ನೀರು ಹೊರಬಂದು ಅವು ಕುಗ್ಗುತ್ತವೆ. ಎರಡು ಮೂರು ದಿನ ಹೀಗೇ ಇದ್ದರೆ ಕೋಶಗಳು ತಮ್ಮೊಳಗೆ ಕೆಲವು ಸಣ್ಣ ಅಣುಗಳನ್ನು ಕೂಡಿಸಿಕೊಂಡು, ಅವುಗಳ ಸೆಳೆತದಿಂದ ನೀರನ್ನು ವಾಪಸ್ ಪಡೆದು ಮೊದಲಿನ ಗಾತ್ರಕ್ಕೆ ಬರುತ್ತವೆ. ಈ ಅಣುಗಳನ್ನು ಹೊರಹಾಕಲು ಮತ್ತೆ ಹೆಚ್ಚು ಸಮಯ ಬೇಕು. ಅಷ್ಟರೊಳಗೆ ರಕ್ತವನ್ನು ಅವಸರದಲ್ಲಿ ತೆಳುಮಾಡಿದರೆ ನೀರು ಕೋಶಗಳೊಳಗೆ ನುಗ್ಗಿ ಮಿದುಳು ಊದಿಕೊಳ್ಳುತ್ತದೆ. 1979ರಲ್ಲಿ ಕಾನ್, ಬ್ರಾಶೆ ಮತ್ತು ಬ್ಲೂಮ್ ಎಂಬ ವೈದ್ಯರು ಸೋಡಿಯಂ ಇಳಿಯುವ ವೇಗಕ್ಕೂ ಫಿಟ್ಸ್‌ಗೂ ಇರುವ ನಂಟನ್ನು ತೋರಿಸಿದರು. ಗಂಟೆಗೆ ಅರ್ಧ ಎಂಬ ಮಿತಿ ಇಂಥ ಅನುಭವಗಳಿಂದ ಗಟ್ಟಿಯಾಯಿತು.

ಆದರೆ ಆ ಎಚ್ಚರಿಕೆ ದಿನಗಟ್ಟಲೆ ಏರಿ ಕುಳಿತ ಸೋಡಿಯಂಗೆ ಮಾತ್ರ. 1962ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಶಿಶುಗಳ ಹಾಲಿಗೆ ಸಕ್ಕರೆಯ ಬದಲು ಉಪ್ಪು ಬೆರೆತು ಆರು ಶಿಶುಗಳು ತೀರಿಕೊಂಡವು. ಹಾಗೆ ಕೆಲವೇ ಗಂಟೆಗಳಲ್ಲಿ ಏರಿದ ಸೋಡಿಯಂ ಅನ್ನು ಬೇಗನೆ ಇಳಿಸಬೇಕು, ಏಕೆಂದರೆ ಮಿದುಳು ಇನ್ನೂ ಹೊಂದಿಕೊಂಡಿರುವುದಿಲ್ಲ. ಹಾಸಿಗೆ ಹಿಡಿದ ವೃದ್ಧರ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವರ ಸೋಡಿಯಂ ಯಾವಾಗ ಏರಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೆ ಹಳೆಯದೆಂದೇ ಹಿಡಿಯಬೇಕು.

ಇನ್ನು ನಮ್ಮ ಅಜ್ಜಿಯ ಲೆಕ್ಕ. ನಿಲ್ಲಲಾರದವರ ತೂಕ ನೋಡುವುದು ಹೇಗೆ? ಮಗ ಅವರನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತರು, ಆಮೇಲೆ ಒಬ್ಬರೇ ನಿಂತರು. ಕಳೆದಾಗ ಉಳಿದದ್ದು 40 ಕಿಲೋ. ವಯಸ್ಸಾದ ಹೆಂಗಸಿನ ದೇಹದಲ್ಲಿ ತೂಕದ ಶೇ. 45ರಷ್ಟು ನೀರಿರುತ್ತದೆ ಎಂದು ಹಿಡಿಯುತ್ತೇವೆ. ವಯಸ್ಸಾದ ಗಂಡಸಿಗೆ ಶೇ. 50. ಯುವಕರಿಗೆ ಹೇಳುವ ಶೇ. 60 ಇಲ್ಲಿ ಸಲ್ಲದು, ಅದನ್ನು ಹಾಕಿದರೆ ಲೆಕ್ಕ ಮೂರನೇ ಒಂದು ಪಾಲು ಉಬ್ಬುತ್ತದೆ. ಅಜ್ಜಿಯ ದೇಹದ ನೀರು 40ರ ಶೇ. 45, ಅಂದರೆ 18 ಲೀಟರ್.

ನೀರಿನ ಕೊರತೆ = ದೇಹದ ನೀರು × (ಸೋಡಿಯಂ ÷ 140 − 1)

168ನ್ನು 140ರಿಂದ ಭಾಗಿಸಿದರೆ 1.2. ಒಂದು ಕಳೆದರೆ 0.2. ಅದನ್ನು 18ರಿಂದ ಗುಣಿಸಿದರೆ 3.6 ಲೀಟರ್. ಸೋಡಿಯಂ ಒಟ್ಟು 28 ಇಳಿಯಬೇಕು, ದಿನಕ್ಕೆ ಸುಮಾರು 10ರಂತೆ ಮೂರು ದಿನ. ಹಾಗಾಗಿ ಕೊರತೆಯ ಬಾಬ್ತು ದಿನಕ್ಕೆ 1.2 ಲೀಟರ್. ಈ ಮೂರು ದಿನಗಳಲ್ಲೂ ಉಸಿರು, ಚರ್ಮ ಮತ್ತು ಮೂತ್ರದಿಂದ ನೀರು ಹೋಗುತ್ತಲೇ ಇರುತ್ತದೆ. ಅದಕ್ಕೆ 800 ಮಿಲಿಲೀಟರ್ ಸೇರಿಸಿದೆವು. ಒಟ್ಟು ದಿನಕ್ಕೆ ಎರಡು ಲೀಟರ್. ಈ ಎರಡನೆಯ ಬಾಬ್ತನ್ನು ಮರೆತದ್ದರಿಂದಲೇ ಸೋಡಿಯಂ ಇಳಿಯದೆ ನಿಂತ ರೋಗಿಗಳನ್ನು ನಾನು ಅನೇಕ ಸಲ ನೋಡಿದ್ದೇನೆ.

ಸೂತ್ರ ಕೊಡುವುದು ಅಂದಾಜನ್ನು ಮಾತ್ರ. ನೀರಿನ ಜೊತೆ ಉಪ್ಪೂ ಹೋಗಿದ್ದರೆ ಒಟ್ಟು ಕೊರತೆ ಇದಕ್ಕಿಂತ ಹೆಚ್ಚಿರುತ್ತದೆ. ಸೊರಗಿದ ದೇಹದಲ್ಲಿ ಶೇ. 45 ಎಂಬುದೂ ಊಹೆಯೇ. ಆದ್ದರಿಂದ ಸೂತ್ರ ಮೊದಲ ಕೆಲವು ಗಂಟೆಗಳಿಗೆ ದಾರಿ ತೋರಿಸುತ್ತದೆ, ಆಮೇಲೆ ದಾರಿ ತೋರಿಸಬೇಕಾದದ್ದು ಮರುಪರೀಕ್ಷೆ.

ಎರಡು ದಿನ ಡ್ರಿಪ್ ಹಾಕಿದ್ದರೂ 168 ಯಾಕೆ ಉಳಿಯಿತು? 2000ದಲ್ಲಿ ಅಡ್ರೋಗೆ ಮತ್ತು ಮಡಿಯಾಸ್ ಎಂಬ ವೈದ್ಯರು ಪ್ರಕಟಿಸಿದ ಇನ್ನೊಂದು ಸೂತ್ರ ಇದಕ್ಕೆ ಉತ್ತರ ಕೊಡುತ್ತದೆ. ಹಾಕುವ ದ್ರವದ ಸೋಡಿಯಂನಿಂದ ರೋಗಿಯ ಸೋಡಿಯಂ ಕಳೆದು, ದೇಹದ ನೀರಿಗೆ ಒಂದು ಸೇರಿಸಿ ಬಂದದ್ದರಿಂದ ಭಾಗಿಸಬೇಕು. ಒಂದು ಲೀಟರ್ ಆ ದ್ರವ ಸೋಡಿಯಂ ಅನ್ನು ಎಷ್ಟು ಬದಲಿಸುತ್ತದೆ ಎಂಬುದು ಸಿಗುತ್ತದೆ. ನಾರ್ಮಲ್ ಸಲೈನ್‌ನಲ್ಲಿ ಸೋಡಿಯಂ 154. ಅಜ್ಜಿಗೆ ಅದರ ಒಂದು ಲೀಟರ್ ಹಾಕಿದರೆ ಇಳಿಯುವುದು 0.7 ಮಾತ್ರ, ಒಂದೂ ಅಲ್ಲ. ಶೇ. 5ರ ಡೆಕ್ಸ್‌ಟ್ರೋಸ್‌ನಲ್ಲಿ, ಅಂದರೆ ಗ್ಲೂಕೋಸ್ ಬೆರೆಸಿದ ನೀರಿನಲ್ಲಿ, ಸೋಡಿಯಂ ಇಲ್ಲ. ಅದರ ಒಂದು ಲೀಟರ್ ಸುಮಾರು 9 ಇಳಿಸುತ್ತದೆ. ಬಿ.ಪಿ. ಕುಸಿದಿದ್ದರೆ ಮೊದಲು ಸಲೈನೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಅಜ್ಜಿಯ ಬಿ.ಪಿ. ಮೊದಲ ದಿನವೇ ಸರಿಹೋಗಿತ್ತು. ಬಾಟಲಿ ಬದಲಾಗಲಿಲ್ಲ ಅಷ್ಟೇ.

ನಾವು ಗಂಟೆಗೆ 80 ಮಿಲಿಲೀಟರ್‌ನಂತೆ ಡೆಕ್ಸ್‌ಟ್ರೋಸ್ ಶುರು ಮಾಡಿದೆವು. ಹನ್ನೆರಡು ಗಂಟೆಯ ಬಳಿಕ ಐದಾದರೂ ಇಳಿದಿರಬೇಕಾಗಿತ್ತು. ಬಂದದ್ದು 167. ಮೂತ್ರದ ಚೀಲ ನೋಡಿದರೆ ತುಂಬಿತ್ತು, ಬಣ್ಣವೂ ತೆಳುವಾಗಿತ್ತು. ಅಷ್ಟು ಬಾಯಾರಿದ ದೇಹ ಮೂತ್ರವನ್ನು ಗಟ್ಟಿ ಮಾಡಿ ಹಿಡಿದಿಟ್ಟುಕೊಳ್ಳಬೇಕು, ಹೀಗೆ ಹರಿಸಬಾರದು. ಬೆರಳಿನಿಂದ ರಕ್ತ ತೆಗೆದು ಸಕ್ಕರೆ ನೋಡಿದೆವು: 290. ನಾವು ಹಾಕಿದ ಡೆಕ್ಸ್‌ಟ್ರೋಸ್‌ನ ಸಕ್ಕರೆ ಮೂತ್ರಕ್ಕಿಳಿದು ನೀರನ್ನೂ ಜೊತೆಗೆ ಎಳೆದೊಯ್ಯುತ್ತಿತ್ತು. ಸಕ್ಕರೆಯನ್ನು ಮೊದಲಿನಿಂದಲೂ ಗಂಟೆ ಗಂಟೆಗೆ ನೋಡಬೇಕಾಗಿತ್ತು, ಆ ತಪ್ಪು ನನ್ನದು. ಡೆಕ್ಸ್‌ಟ್ರೋಸ್ ಅರ್ಧಕ್ಕೆ ಇಳಿಸಿ, ಸ್ವಲ್ಪ ಇನ್ಸುಲಿನ್ ಕೊಟ್ಟು, ಉಳಿದ ನೀರನ್ನು ಮೂಗಿನ ನಳಿಕೆಯಿಂದ ಕೊಡಲು ಶುರು ಮಾಡಿದೆವು. ಬರೀ ಕುಡಿಯುವ ನೀರು, ಮೂರು ಗಂಟೆಗೊಮ್ಮೆ ಅಳೆದು. ಹೊಟ್ಟೆ ಕೆಲಸ ಮಾಡುತ್ತಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮಂಪರಿನಲ್ಲಿರುವವರ ಬಾಯಿಗೆ ಚಮಚದಲ್ಲಿ ನೀರು ಹಾಕುವುದು ಬೇರೆ ಮಾತು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಓಆರ್‌ಎಸ್ ಕೂಡ ಇಲ್ಲಿ ಬರೀ ನೀರಿಗೆ ಸಮವಲ್ಲ, ಅದರಲ್ಲಿ ಲೀಟರಿಗೆ 75 ಸೋಡಿಯಂ ಇದೆ.

ಆರು ಗಂಟೆಗೊಮ್ಮೆ ಪರೀಕ್ಷೆ ಮಾಡಿಸುತ್ತ ಹೋದೆವು. 24 ಗಂಟೆಗೆ 162, ಎರಡನೆಯ ದಿನದ ಕೊನೆಗೆ 153, ಮೂರನೆಯ ದಿನ 146. ಎರಡನೆಯ ದಿನ ಸಂಜೆ ಅಜ್ಜಿ ಕಣ್ಣು ಬಿಟ್ಟು ಸೊಸೆಯ ಕೈ ಹಿಡಿದುಕೊಂಡರು.

ಶಿಶುಗಳ ಮಿತಿ ವೃದ್ಧರಿಗೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆ ಈಚೆಗೆ ಮತ್ತೆ ಎದ್ದಿದೆ. 2011ರ ಒಂದು ಅಧ್ಯಯನದಲ್ಲಿ ತೀರಾ ನಿಧಾನವಾಗಿ ಸೋಡಿಯಂ ಇಳಿದ ರೋಗಿಗಳಲ್ಲೇ ಸಾವು ಹೆಚ್ಚಾಗಿ ಕಂಡಿತು. 2019ರಲ್ಲಿ ಅಮೆರಿಕದ ತೀವ್ರ ನಿಗಾ ಘಟಕಗಳ 449 ವಯಸ್ಕ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಗಂಟೆಗೆ ಅರ್ಧಕ್ಕಿಂತ ವೇಗವಾಗಿ ಇಳಿದವರಲ್ಲಿ ಸಾವು ಹೆಚ್ಚಿರಲಿಲ್ಲ. ವೇಗದಿಂದಾಗಿಯೇ ಮಿದುಳು ಊದಿದ ಒಂದು ಪ್ರಕರಣವೂ ಸಿಗಲಿಲ್ಲ. ಇವು ಹಳೆಯ ಕಡತಗಳನ್ನು ನೋಡಿ ಬರೆದವು, ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗಗಳಲ್ಲ. ತೀರಾ ಕಾಯಿಲೆಯಾದವರ ಸೋಡಿಯಂ ನಿಧಾನವಾಗಿ ಇಳಿದಿರಲೂಬಹುದು. ಹಾಗಾಗಿ ನಾನು ಈಗಲೂ ದಿನಕ್ಕೆ 10ರ ಗುರಿಯನ್ನೇ ಇಟ್ಟುಕೊಳ್ಳುತ್ತೇನೆ. ಬದಲಾದದ್ದು ನನ್ನ ಭಯದ ದಿಕ್ಕು. ಮೊದಲು 12 ಇಳಿದರೆ ಗಾಬರಿಯಾಗುತ್ತಿತ್ತು. ಈಗ ದಿನವಿಡೀ ನೀರು ಕೊಟ್ಟೂ 2 ಮಾತ್ರ ಇಳಿದರೆ ಗಾಬರಿಯಾಗುತ್ತದೆ.

ಮನೆಗೆ ಕಳುಹಿಸುವಾಗ ಚೀಟಿಯಲ್ಲಿ ಬರೆದುಕೊಟ್ಟೆವು: ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಎರಡು ಗಂಟೆಗೊಮ್ಮೆ 150 ಮಿಲಿಲೀಟರ್ ನೀರು, ಕೇಳಲಿ ಕೇಳದಿರಲಿ, ತಲೆ ಎತ್ತಿ ಕೂರಿಸಿಕೊಂಡು. ಗಂಜಿ, ಮಜ್ಜಿಗೆ ಅದರ ಮೇಲೆ. ಹದಿನೈದು ದಿನದ ನಂತರ ಸೊಸೆ ಮಗಳ ಹಳೆಯ ನೋಟ್‌ಬುಕ್ ಹಿಡಿದು ಬಂದರು. ಪ್ರತಿ ದಿನಕ್ಕೊಂದು ಸಾಲು, ಸಾಲಿಗೆ ಎಂಟು ಗೆರೆ, ಎರಡು ಕಡೆ ಮಾತ್ರ ಏಳು. ಅಂದಿನ ಸೋಡಿಯಂ 141.