ಗೆರೆ ಏರಿದರೆ ಸಾಲದು, ವಕ್ರರೇಖೆಯೂ ಏರಬೇಕು

ಕೇಂದ್ರೀಯ ಬಲದ ಅಧ್ಯಾಯ ಕಲಿತು ಬಂದ ವಿದ್ಯಾರ್ಥಿಗಳಿಗೆ ನಾನು ಕೇಳುವ ಪ್ರಶ್ನೆ ಒಂದಿದೆ. ದೀರ್ಘವೃತ್ತದಲ್ಲಿ ಭೂಮಿಯನ್ನು ಸುತ್ತುತ್ತಿರುವ ನೌಕೆಯನ್ನು ಬಂಧಮುಕ್ತ ಮಾಡಬೇಕು. ಪರಿಣಾಮಕ ವಿಭವದ ಚಿತ್ರದಲ್ಲಿ ಏನು ಬದಲಾಗುತ್ತದೆ? ಬಹುತೇಕರು ಬೋರ್ಡಿನ ಮೇಲಿನ ವಕ್ರರೇಖೆಯನ್ನು ಹಾಗೇ ಬಿಟ್ಟು, ಅದನ್ನು ಅಡ್ಡಲಾಗಿ ಕತ್ತರಿಸುವ ಶಕ್ತಿಯ ಗೆರೆಯನ್ನು ಮಾತ್ರ ಸೊನ್ನೆಯ ಮೇಲಕ್ಕೆ ಎತ್ತುತ್ತಾರೆ. ನೋಡಲು ಸರಿಯೆನಿಸುವ ಈ ಉತ್ತರ ನಿಜವಾದ ನೌಕೆಯನ್ನು ನೆಲದೊಳಕ್ಕೆ ಇಳಿಸುತ್ತದೆ. ಮಂಗಳಯಾನದ ಅಂಕಿಗಳನ್ನೇ ಹಾಕಿ ನೋಡೋಣ.

ಮೊದಲು ಚಿತ್ರವನ್ನು ಸರಿಮಾಡಿಕೊಳ್ಳೋಣ. ಕೇಂದ್ರೀಯ ಬಲದಲ್ಲಿ ಕೋನೀಯ ಸಂವೇಗ ಬದಲಾಗುವುದಿಲ್ಲ. ಆದ್ದರಿಂದ ಸುತ್ತುವ ಚಲನೆಯ ಚಲನಶಕ್ತಿಯನ್ನು ದೂರ r ಒಂದರಿಂದಲೇ ಬರೆಯಬಹುದು. ಅದಕ್ಕೆ ಗುರುತ್ವದ ವಿಭವಶಕ್ತಿಯನ್ನು ಕೂಡಿಸಿದರೆ ಸಿಗುವುದೇ ಪರಿಣಾಮಕ ವಿಭವ. ನೌಕೆಯ ಒಂದು ಕಿಲೋಗ್ರಾಂಗೆ ಲೆಕ್ಕ ಹಾಕಿದರೆ

U(r) = ℓ²/2r² − μ/r

ಇಲ್ಲಿ ℓ ಎಂದರೆ ಪ್ರತಿ ಕಿಲೋಗ್ರಾಂನ ಕೋನೀಯ ಸಂವೇಗ; μ ಎಂದರೆ ಗುರುತ್ವ ಸ್ಥಿರಾಂಕ ಮತ್ತು ಕೇಂದ್ರದಲ್ಲಿರುವ ಕಾಯದ ದ್ರವ್ಯರಾಶಿಯ ಗುಣಲಬ್ಧ, ಭೂಮಿಗೆ μ = 3,98,600 km³/s². ಒಳಗಡೆ ಮೊದಲ ಪದ ಗೋಡೆಯಂತೆ ಏರುತ್ತದೆ, ಹೊರಗಡೆ ಎರಡನೆಯದು ನಿಧಾನವಾಗಿ ಸೊನ್ನೆಯತ್ತ ಸಾಗುತ್ತದೆ, ನಡುವೆ ಒಂದು ಗುಂಡಿ. ಒಟ್ಟು ಶಕ್ತಿ E ಸೊನ್ನೆಗಿಂತ ಕಡಿಮೆಯಿದ್ದರೆ ಗೆರೆ ವಕ್ರರೇಖೆಯನ್ನು ಎರಡು ಕಡೆ ಮುಟ್ಟುತ್ತದೆ: ಹತ್ತಿರದ್ದು ಪೆರಿಜಿ, ದೂರದ್ದು ಅಪೊಜಿ. ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಳಗಿನ ಒಂದೇ ಬಿಂದು ಉಳಿಯುತ್ತದೆ. ಪಥ ಪರವಲಯ ಇಲ್ಲವೇ ಅತಿಪರವಲಯ. ಈ ಬಿಂದುಗಳಲ್ಲಿ ನೌಕೆ ನಿಲ್ಲುವುದಿಲ್ಲ ಎಂಬುದು ನೆನಪಿರಲಿ. r ಬದಲಾಗುವ ವೇಗ ಮಾತ್ರ ಅಲ್ಲಿ ಸೊನ್ನೆ. ಪೆರಿಜಿಯಲ್ಲಂತೂ ನೌಕೆಯ ಒಟ್ಟು ವೇಗ ಗರಿಷ್ಠ.

(ಉತ್ತರಪತ್ರಿಕೆಗಳಲ್ಲಿ ಪದೇಪದೇ ಕಾಣುವ ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಗ್ರಾಂಜಿಯನ್‌ನಲ್ಲೇ ಕೋನೀಯ ವೇಗದ ಬದಲು ℓ/r² ಹಾಕಿಬಿಟ್ಟರೆ ಮೊದಲ ಪದದ ಚಿಹ್ನೆ ತಿರುಗುತ್ತದೆ. ಗೋಡೆ ಮಾಯವಾಗಿ, ಎಲ್ಲ ಕಕ್ಷೆಗಳೂ ಕೇಂದ್ರಕ್ಕೆ ಬೀಳತೊಡಗಿದರೆ ಅಲ್ಲೇ ಎಡವಿದ್ದೀರಿ ಎಂದರ್ಥ. ಚಲನೆಯ ಸಮೀಕರಣ ಬರೆದಾದ ಮೇಲೆಯೇ ℓ ಹಾಕಬೇಕು.)

ಈಗ ನೌಕೆಗೆ ಬರೋಣ. 2013ರ ನವೆಂಬರ್ 5ರಂದು ಉಡಾವಣೆಗೊಂಡ ಮಂಗಳಯಾನ ನೇರವಾಗಿ ಮಂಗಳದತ್ತ ಹೊರಡಲಿಲ್ಲ. ಭೂಮಿಯನ್ನೇ ಸುತ್ತುತ್ತ, ಪೆರಿಜಿಯ ಬಳಿ ಎಂಜಿನ್ ಉರಿಸಿ ಉರಿಸಿ ಅಪೊಜಿಯನ್ನು ದೂರ ತಳ್ಳಿಕೊಂಡಿತು. ನವೆಂಬರ್ 11ರ ಹೊತ್ತಿಗೆ ಅಪೊಜಿ ನೆಲದಿಂದ 71,623 ಕಿ.ಮೀ. ಎತ್ತರದಲ್ಲಿತ್ತು, ಪೆರಿಜಿ ಸುಮಾರು 250 ಕಿ.ಮೀ.ಯಲ್ಲಿ. ಭೂಕೇಂದ್ರದಿಂದ ಅಳೆದರೆ 78,000 ಮತ್ತು 6,630 ಕಿ.ಮೀ. ಎಂದಿಟ್ಟುಕೊಳ್ಳಿ. E = −μ/(ಎರಡೂ ದೂರಗಳ ಮೊತ್ತ), ಅಂದರೆ ಕಿಲೋಗ್ರಾಂಗೆ −4.71 ಮೆಗಾಜೂಲ್. ಪೆರಿಜಿಯಲ್ಲಿ ವೇಗ ಸೆಕೆಂಡಿಗೆ 10.53 ಕಿ.ಮೀ. ℓ ಸುಮಾರು 69,800 km²/s. ಗುಂಡಿಯ ತಳ r = ℓ²/μ ಎಂಬಲ್ಲಿ, ಅಂದರೆ 12,220 ಕಿ.ಮೀ. ದೂರದಲ್ಲಿ.

ಈಗ ಆ ಬೋರ್ಡಿನ ಉತ್ತರವನ್ನು ಪರೀಕ್ಷಿಸಿ. ವಕ್ರರೇಖೆ ಇದೇ ಇರಲಿ, E ಮಾತ್ರ ಸೊನ್ನೆಗೆ ಏರಲಿ. U(r) = 0 ಆಗುವುದು r = ℓ²/2μ ಎಂಬಲ್ಲಿ, ಅಂದರೆ 6,110 ಕಿ.ಮೀ.ಗೆ. ಭೂಮಿಯ ತ್ರಿಜ್ಯವೇ 6,378! ಗೆರೆ ಏರಿದಷ್ಟೂ ಅದು ಒಳಗಿನ ಗೋಡೆಯನ್ನು ಇನ್ನೂ ಒಳಗೆ ಮುಟ್ಟುತ್ತದೆ, ಪೆರಿಜಿ ಕುಸಿಯುತ್ತದೆ. ಗಣಿತ ಇಲ್ಲಿ ತಪ್ಪಿಲ್ಲ. ℓ ಬದಲಿಸದೆ E ಮಾತ್ರ ಏರಿಸುವ ನೂಕೂ ಒಂದಿದೆ, ಅದು ಕೇಂದ್ರದ ದಿಕ್ಕಿನಲ್ಲೋ ಅದಕ್ಕೆ ವಿರುದ್ಧವಾಗಿಯೋ ಕೊಡುವ ನೂಕು. ಆದರೆ ಪೆರಿಜಿಯಲ್ಲಿ ಎಂಜಿನ್ ನೂಕುವುದು ಪಥದ ಉದ್ದಕ್ಕೆ, ಕೇಂದ್ರದಿಂದ ಎಳೆದ ಗೆರೆಗೆ ಲಂಬವಾಗಿ. ಆಗ ವೇಗದೊಂದಿಗೆ ℓ ಕೂಡ ಹೆಚ್ಚುತ್ತದೆ, ವಕ್ರರೇಖೆ ಎಲ್ಲ ಕಡೆ ಮೇಲೇಳುತ್ತದೆ, ಒಳಗಡೆ ಹೆಚ್ಚು, ಹೊರಗಡೆ ಕಡಿಮೆ. ಪೆರಿಜಿಯಲ್ಲಿ ಮಾತ್ರ ಅದು ಏರುವುದು E ಏರಿದಷ್ಟೇ, ಏಕೆಂದರೆ ಅಲ್ಲಿನ ಚಲನಶಕ್ತಿಯೆಲ್ಲ ಸುತ್ತುವ ಚಲನೆಯದೇ. ಹಾಗಾಗಿ ಗೆರೆಯೂ ವಕ್ರರೇಖೆಯೂ ಆ ಬಿಂದುವಿನಲ್ಲಿ ಒಟ್ಟಿಗೆ ಏರುತ್ತವೆ, ಪೆರಿಜಿ ಇದ್ದಲ್ಲೇ ಇರುತ್ತದೆ, ಅಪೊಜಿ ಓಡುತ್ತದೆ.

ಇದನ್ನು ತಾಳೆ ನೋಡಲು ನವೆಂಬರ್ 11ರ ಘಟನೆಗಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಅಂದು ವೇಗವನ್ನು ಸೆಕೆಂಡಿಗೆ 130 ಮೀಟರ್ ಹೆಚ್ಚಿಸಿ ಅಪೊಜಿಯನ್ನು ಒಂದು ಲಕ್ಷ ಕಿ.ಮೀ.ಗೆ ಒಯ್ಯುವ ಯೋಜನೆಯಿತ್ತು. ಎಂಜಿನ್ನಿಗೆ ಇಂಧನದ ಹರಿವು ನಿಂತು, ಸಿಕ್ಕಿದ್ದು 35 ಮೀಟರ್ ಮಾತ್ರ. ನಮ್ಮ ಲೆಕ್ಕದಲ್ಲಿ E ಏರುವುದು ಸುಮಾರು 10.53 × 0.035, ಅಂದರೆ 0.37 ಮೆಗಾಜೂಲ್. ಹೊಸ E −4.34. ಪೆರಿಜಿ 6,630 ಹಾಗೇ ಇದ್ದರೆ ಅಪೊಜಿಯ ಎತ್ತರ 78,800 ಕಿ.ಮೀ. ಆಗಬೇಕು. ಇಸ್ರೋ ಪ್ರಕಟಿಸಿದ್ದು 78,276. ಕಾಗದದ ಮೇಲಿನ ನಾಲ್ಕು ಸಾಲಿಗೆ ಇಷ್ಟು ಹೊಂದಿಕೆ ಸಾಕೇ ಸಾಕು.

ಕುತೂಹಲವೆಂದರೆ, ℓ ಬದಲಿಸದ ತಪ್ಪು ಲೆಕ್ಕವೂ ಅಪೊಜಿಗೆ 78,900ರ ಆಸುಪಾಸಿನ ಉತ್ತರವನ್ನೇ ಕೊಡುತ್ತದೆ! ತಪ್ಪು ಬಯಲಾಗುವುದು ಪೆರಿಜಿಯಲ್ಲಿ: ಅದು 250ರಿಂದ ಸುಮಾರು 200 ಕಿ.ಮೀ.ಗೆ ಇಳಿದಂತೆ ತೋರುತ್ತದೆ. ಅಪೊಜಿ ಸರಿ ಬಂತೆಂದು ಬೀಗಬೇಡಿ, ಎರಡೂ ತುದಿಗಳನ್ನು ನೋಡಿ.

ಮರುದಿನವೇ ಕೊರತೆ ತುಂಬಿಕೊಂಡ ನೌಕೆಯ ಅಪೊಜಿ, ನವೆಂಬರ್ 16ರ ವೇಳೆಗೆ 1,92,874 ಕಿ.ಮೀ. ಮುಟ್ಟಿತ್ತು. ಅಲ್ಲಿ E −1.94. ಪೆರಿಜಿಯಲ್ಲಿ ವಿಮೋಚನಾ ವೇಗಕ್ಕೆ ಕಡಿಮೆ ಇದ್ದದ್ದು ಸೆಕೆಂಡಿಗೆ ಬರೇ 180 ಮೀಟರ್. ಡಿಸೆಂಬರ್ 1ರ ನಡುರಾತ್ರಿ ದಾಟಿದ ಮೇಲೆ ಕೊಟ್ಟದ್ದು 648 ಮೀಟರ್. ಗೆರೆ ಸೊನ್ನೆಯನ್ನು ದಾಟಿತು, ಹೊರಗಿನ ತಿರುವು ಬಿಂದು ಇಲ್ಲವಾಯಿತು.

ಈ ಹಂತದಲ್ಲಿ ನಮ್ಮ ಸರಳ ಲೆಕ್ಕ E = +5ರ ಸುತ್ತಮುತ್ತ ಎನ್ನುತ್ತದೆ, ಆದರೆ ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಎಂಜಿನ್ ಉರಿದದ್ದು 22 ನಿಮಿಷ, ಅಷ್ಟರಲ್ಲಿ ನೌಕೆ ಹದಿಮೂರು ಸಾವಿರ ಕಿ.ಮೀ.ಗಿಂತ ಹೆಚ್ಚು ಸಾಗಿರುತ್ತದೆ. ನೂಕೆಲ್ಲ ಪೆರಿಜಿಯಲ್ಲೇ, ಒಂದೇ ಕ್ಷಣದಲ್ಲಿ ಸಿಕ್ಕಿತೆಂಬ ಊಹೆ ಇಲ್ಲಿ ಸಡಿಲವಾಗುತ್ತದೆ. ಪೆರಿಜಿಯಿಂದ ದೂರದಲ್ಲಿ ವೇಗ ಕಡಿಮೆ, ಅದೇ ನೂಕಿನಿಂದ ಸಿಗುವ ಶಕ್ತಿಯೂ ಕಡಿಮೆ. ನಿಜವಾದ E ಆ ಲೆಕ್ಕಕ್ಕಿಂತ ಕೆಳಗೇ ಇರಬೇಕು.

ಬಂಧಮುಕ್ತ ಎಂದಾಗ ಯಾವ ಕೇಂದ್ರದಿಂದ ಎಂದೂ ಹೇಳಬೇಕು. ಭೂಮಿಯಿಂದ ಒಂಬತ್ತು ಲಕ್ಷ ಕಿ.ಮೀ. ದಾಟಿದ ಮೇಲೆ ಭೂಮಿಯೊಂದನ್ನೇ ಕೇಂದ್ರವಾಗಿಟ್ಟ ಚಿತ್ರಕ್ಕೆ ಬೆಲೆಯಿಲ್ಲ. ಅಲ್ಲಿಂದ μ ಸೂರ್ಯನದು, ಆ ಚಿತ್ರದಲ್ಲಿ ನೌಕೆ ಬದ್ಧವಾಗಿಯೇ ಇತ್ತು. 2014ರ ಸೆಪ್ಟೆಂಬರ್ 24ರಂದು ಮಂಗಳವನ್ನು ಕೇಂದ್ರವಾಗಿಟ್ಟು ಮತ್ತೆ ಚಿತ್ರ ಬಿಡಿಸಿದರೆ E ಧನಾತ್ಮಕ: ಒಂದೇ ತಿರುವು ಬಿಂದು, ಬಂದಂತೆಯೇ ಹೊರಟುಹೋಗುವ ಪಥ. ಮಂಗಳದ ಗುರುತ್ವವೊಂದೇ ಅದನ್ನು ಹಿಡಿದಿಡಲಾರದು, ಏಕೆಂದರೆ ಕೇಂದ್ರೀಯ ಬಲದಲ್ಲಿ E ಬದಲಾಗುವುದಿಲ್ಲ. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಅಂದು ಕಾದು ಕುಳಿತದ್ದು ಆ ಎಂಜಿನ್ನಿಗಾಗಿ. ಅದು ಸುಮಾರು 24 ನಿಮಿಷ ಉರಿದು ವೇಗವನ್ನು ಸೆಕೆಂಡಿಗೆ 1,099 ಮೀಟರ್ ತಗ್ಗಿಸಿತು. ಗೆರೆ ಇಳಿಯಿತು, ℓ ಕಡಿಮೆಯಾಗಿ ವಕ್ರರೇಖೆಯೂ ಇಳಿಯಿತು, ಮತ್ತು ಎರಡನೆಯ ತಿರುವು ಬಿಂದು ಮಂಗಳದ ನೆಲದಿಂದ ಸುಮಾರು 77,000 ಕಿ.ಮೀ. ಎತ್ತರದಲ್ಲಿ ಮೂಡಿತು.